ಉತ್ತರಕ್ಕೊಂದು ಒರೆಗಲ್ಲು

ಲೆಕ್ಕಕ್ಕೆ ಉತ್ತರ ಬಂದ ಮೇಲೆ ಅದನ್ನು ತಾಳೆ ನೋಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಭಾಗಾಕಾರ ಮಾಡಿದವನು ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ, ಶೇಷವನ್ನು ಕೂಡಿಸಿ, ಭಾಜ್ಯವು ಮರಳಿ ಬಂದಿತೇ ಎಂದು ನೋಡುತ್ತಾನೆ. ಸಮೀಕರಣವನ್ನು ಬಿಡಿಸಿದವನು ತನಗೆ ದೊರೆತ ಬೆಲೆಯನ್ನು ಅದೇ ಸಮೀಕರಣದಲ್ಲಿಟ್ಟು ಎರಡು ಪಕ್ಕಗಳೂ ಸಮವಾದುವೇ ಎಂದು ಪರೀಕ್ಷಿಸುತ್ತಾನೆ. ಆದರೆ ಗಣಿತದಲ್ಲಿ ಇನ್ನೊಂದು ಬಗೆಯ ಪ್ರಶ್ನೆಯುಂಟು. ಅಲ್ಲಿ ಹೀಗೆ ನೇರವಾಗಿ ಬೆಲೆಯನ್ನಿಟ್ಟು ನೋಡಲು ಬರುವುದಿಲ್ಲ. ಇಡಹೋದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅಂಥ ಪ್ರಶ್ನೆಗೆ ಬಂದ ಉತ್ತರವನ್ನು ಒರೆಗೆ ಹಚ್ಚುವ ಬಗೆ ಹೇಗೆ?

ಮೊದಲು ತೊಡಕು ಎಲ್ಲಿದೆ ಎಂಬುದನ್ನು ತಿಳಿಯಬೇಕು. ಆರನ್ನು ಎರಡರಿಂದ ಭಾಗಿಸಿದರೆ ಮೂರು ಬರುತ್ತದೆ. ಏಕೆಂದರೆ ಎರಡನ್ನು ಮೂರರಿಂದ ಗುಣಿಸಿದರೆ ಆರು. ಹಾಗಾದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವ ಸಂಖ್ಯೆ ಯಾವುದು? ಐದು ಎಂದರೂ ಸರಿ, ನೂರು ಎಂದರೂ ಸರಿ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೆ? ಎಲ್ಲ ಉತ್ತರಗಳೂ ಸಲ್ಲುವಲ್ಲಿ ಯಾವ ಉತ್ತರಕ್ಕೂ ಅರ್ಥವಿಲ್ಲ. ಆದುದರಿಂದಲೇ ಸೊನ್ನೆಯಿಂದ ಭಾಗಿಸುವುದನ್ನು ಗಣಿತವು ನಿಷೇಧಿಸಿದೆ.

ಈ ತೊಡಕನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದು ಬರೆದನು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದಾಗ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಆ ಗ್ರಂಥದ ಆರಂಭದಲ್ಲಿ ಅವನು ನೃಪತುಂಗನನ್ನು ಕೊಂಡಾಡಿದ್ದಾನೆ. ಭಿನ್ನರಾಶಿಗಳ ವಿಷಯದಲ್ಲಿ ಮಹಾವೀರನ ಪಾಂಡಿತ್ಯ ಅಸಾಧಾರಣವಾದುದು. ಆದರೂ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆಯು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಅವನು ಹೇಳಿದನು.

ಈ ಮಾತು ನಿಲ್ಲುತ್ತದೆಯೇ? ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ, ನಿಜ. ಆದರೆ ಸೊನ್ನೆಯ ಹತ್ತಿರದ ಸಂಖ್ಯೆಗಳಿಂದ ಭಾಗಿಸಲು ಯಾವ ಅಡ್ಡಿಯೂ ಇಲ್ಲ. ಹನ್ನೆರಡನ್ನು 0.1ರಿಂದ ಭಾಗಿಸಿದರೆ 120. ಅದನ್ನೇ 0.01ರಿಂದ ಭಾಗಿಸಿದರೆ 1200, 0.001ರಿಂದ ಭಾಗಿಸಿದರೆ 12000. ಭಾಜಕವು ಸೊನ್ನೆಗೆ ಹತ್ತಿರವಾದಂತೆ ಭಾಗಲಬ್ಧವು ಬೆಳೆಯುತ್ತ ಹೋಗುವುದೇ ಹೊರತು ಹನ್ನೆರಡರ ಬಳಿಗೆ ಬರುವುದಿಲ್ಲ. ಮಹಾವೀರನ ನಿಯಮವು ಒರೆಗಲ್ಲಿನ ಮೇಲೆ ನಿಲ್ಲಲಿಲ್ಲ. ಅವನ ಹಿರಿಮೆಗೆ ಇದರಿಂದ ಕುಂದಿಲ್ಲ. ಆದರೆ ಹಿರಿಯರು ಹೇಳಿದರೆಂಬ ಕಾರಣದಿಂದ ಉತ್ತರವು ಸರಿಯಾಗುವುದಿಲ್ಲ.

ಕ್ರಿ. ಶ. 1150ರಲ್ಲಿ ಭಾಸ್ಕರಾಚಾರ್ಯನು ಬರೆದ ‘ಲೀಲಾವತಿ’ಯಲ್ಲಿ ಇನ್ನೊಂದು ಬಗೆಯ ಲೆಕ್ಕವಿದೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದುದಕ್ಕೆ ಅದರ ಅರ್ಧವನ್ನು ಕೂಡಿಸಿ, ಮೂರರಿಂದ ಗುಣಿಸಿ, ಕೊನೆಗೆ ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ. ಆ ಸಂಖ್ಯೆ ಯಾವುದು ಎಂಬುದು ಪ್ರಶ್ನೆ. ಗುಣಿಸಿದ ಸೊನ್ನೆಯನ್ನು ಕೂಡಲೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಹಾಗೆಯೇ ಗುಣಕವಾಗಿ ಇಟ್ಟುಕೊಂಡಿರಬೇಕು, ಮುಂದೆ ಸೊನ್ನೆಯೇ ಭಾಜಕವಾಗಿ ಬಂದರೆ ಎರಡೂ ಕಳೆದುಹೋಗುತ್ತವೆ ಎಂಬುದು ಭಾಸ್ಕರನ ವಿಧಾನ. ಆ ಪ್ರಕಾರ ಉಳಿಯುವುದು ಇಷ್ಟು: ಸಂಖ್ಯೆಗೆ ಅದರ ಅರ್ಧವನ್ನು ಕೂಡಿಸಿ ಮೂರರಿಂದ ಗುಣಿಸಿದರೆ 63. ಹಾಗಾದರೆ ಆ ಸಂಖ್ಯೆ 14.

ಇದನ್ನೂ ಅದೇ ಒರೆಗಲ್ಲಿಗೆ ಹಚ್ಚಬಹುದು. ಸೊನ್ನೆಯಿದ್ದಲ್ಲಿ 0.1 ಅನ್ನು ಇಡೋಣ. ಹದಿನಾಲ್ಕನ್ನು 0.1ರಿಂದ ಗುಣಿಸಿದರೆ 1.4, ಅದರ ಅರ್ಧವಾದ 0.7ನ್ನು ಕೂಡಿಸಿದರೆ 2.1, ಮೂರರಿಂದ ಗುಣಿಸಿದರೆ 6.3, 0.1ರಿಂದ ಭಾಗಿಸಿದರೆ 63. ಬದಲಾಗಿ 0.01 ಅನ್ನು ಇಟ್ಟರೂ 63, ಅದಕ್ಕಿಂತ ಚಿಕ್ಕದನ್ನು ಇಟ್ಟರೂ 63. ಸೊನ್ನೆಯ ಬಳಿಗೆ ಎಷ್ಟು ಸರಿದರೂ ಉತ್ತರವು ಕದಲುವುದಿಲ್ಲ. ಭಾಸ್ಕರನ ಉತ್ತರವು ಒರೆಗೆ ನಿಂತಿತು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಯಾವಾಗಲೂ ಸೊನ್ನೆಯೇ ಎಂಬ ಬ್ರಹ್ಮಗುಪ್ತನ ಮಾತು ಇಲ್ಲಿ ಸಲ್ಲದು ಎಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ.

ಒಂದು ಸ್ಥಾನಕ್ಕೆ ಕಾಲಿಡದೆ, ಅದರ ಹತ್ತಿರ ಹತ್ತಿರಕ್ಕೆ ಸಾಗುತ್ತ, ಬೆಲೆಯು ಯಾವ ಸಂಖ್ಯೆಯನ್ನು ಮುಟ್ಟಲು ಹವಣಿಸುತ್ತಿದೆ ಎಂದು ನೋಡುವ ಈ ಕ್ರಮವೇ ಮುಂದೆ ಕಲನಶಾಸ್ತ್ರದ ತಳಹದಿಯಾಯಿತು. ಹಾಗೆ ಗುರಿಯಾಗಿ ತೋರುವ ಸಂಖ್ಯೆಗೆ ‘ಮಿತಿ’ ಎಂದು ಹೆಸರು. ಮಿತಿಯನ್ನು ಕಂಡುಹಿಡಿಯಲು ಪದವಿಪೂರ್ವ ತರಗತಿಗಳಲ್ಲಿ ಎರಡು ಸುಲಭೋಪಾಯಗಳನ್ನು ಕಲಿಸುತ್ತಾರೆ. ಉಪಾಯವು ಸುಲಭವಾದಷ್ಟೂ ಎಡವುವುದೂ ಸುಲಭ. ಅದನ್ನು ಒಂದು ಲೆಕ್ಕದಿಂದಲೇ ನೋಡಬಹುದು.

ಆನೇಕಲ್ಲಿನ ಒಂದು ಪದವಿಪೂರ್ವ ತರಗತಿಯಲ್ಲಿ ಅಧ್ಯಾಪಕರು ಕರಿಹಲಗೆಯ ಮೇಲೆ ಈ ಭಿನ್ನರಾಶಿಯನ್ನು ಬರೆದರೆಂದು ಭಾವಿಸಿಕೊಳ್ಳೋಣ:

(x² + x − 6) / (x² − 4)

x ಎರಡನ್ನು ಸಮೀಪಿಸಿದಾಗ ಇದರ ಮಿತಿಯೇನು ಎಂಬುದು ಪ್ರಶ್ನೆ. x = 2 ಎಂದು ಇಟ್ಟರೆ ಅಂಶವು 4 + 2 − 6, ಅಂದರೆ ಸೊನ್ನೆ; ಛೇದವು 4 − 4, ಅದೂ ಸೊನ್ನೆ. ನಾಲ್ವರು ವಿದ್ಯಾರ್ಥಿಗಳು ನಾಲ್ಕು ದಾರಿಗಳಲ್ಲಿ ಉತ್ತರವನ್ನು ಕಂಡುಹಿಡಿದರು.

ಮೊದಲನೆಯವಳು ಅಂಶ ಛೇದಗಳೆರಡನ್ನೂ ಅಪವರ್ತನಗಳಾಗಿ ಒಡೆದಳು. ಅಂಶವು (x − 2)(x + 3) ಆಯಿತು, ಛೇದವು (x − 2)(x + 2) ಆಯಿತು. ಎರಡರಲ್ಲಿಯೂ ಇರುವ (x − 2) ಎಂಬ ಅಪವರ್ತನವನ್ನು ಹೊಡೆದುಹಾಕಿದಾಗ (x + 3)/(x + 2) ಉಳಿಯಿತು. ಇಲ್ಲಿ x = 2 ಎಂದಿಟ್ಟರೆ 5/4, ಎಂದರೆ 1.25.

ಎರಡನೆಯವನು ಅಂಶ ಛೇದಗಳನ್ನು ಬೇರೆಬೇರೆಯಾಗಿ ಅವಕಲಿಸಿದನು. ಅವಕಲನವೆಂದರೆ x ತುಸು ಬದಲಾದಾಗ ರಾಶಿಯು ಎಷ್ಟು ಪಾಲು ವೇಗದಲ್ಲಿ ಬದಲಾಗುತ್ತದೆ ಎಂದು ಕಂಡುಕೊಳ್ಳುವುದು. ಎರಡರ ವರ್ಗ 4, 2.01ರ ವರ್ಗ 4.0401. x ಎಂಬುದು 0.01ರಷ್ಟು ಸರಿದಾಗ ವರ್ಗವು 0.0401ರಷ್ಟು, ಎಂದರೆ ಸುಮಾರು ನಾಲ್ಕು ಪಾಲು ಸರಿಯಿತು. ಸಾಮಾನ್ಯವಾಗಿ x²ನ ಬದಲಾವಣೆಯ ದರ 2x. Xನ ದರ 1. 6, 4 ಮುಂತಾದ ಸ್ಥಿರ ಸಂಖ್ಯೆಗಳು ಬದಲಾಗುವುದೇ ಇಲ್ಲವಾದ್ದರಿಂದ ಅವುಗಳ ದರ ಸೊನ್ನೆ. ಹೀಗಾಗಿ ಅಂಶದ ದರ 2x + 1, ಛೇದದ ದರ 2x. x = 2 ಆದಾಗ ಇವು 5 ಮತ್ತು 4. ಈತನ ಉತ್ತರವೂ 1.25.

ಮೂರನೆಯವನೂ ಹೀಗೆಯೇ ಅವಕಲಿಸಿದನು; ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. (2x + 1)/(2x) ಎಂಬುದನ್ನು ಇನ್ನೊಮ್ಮೆ ಅವಕಲಿಸಿದಾಗ 2/2 ಬಂದಿತು. ಅವನ ಉತ್ತರ 1.

ನಾಲ್ಕನೆಯವಳು ಮೇಲೆ ಒಂದು x², ಕೆಳಗೆ ಒಂದು x² ಇರುವುದನ್ನು ಕಂಡು ಎರಡನ್ನೂ ಹೊಡೆದುಹಾಕಿದಳು. (x − 6)/(−4) ಉಳಿಯಿತು. x = 2 ಎಂದಿಟ್ಟಾಗ −4/−4; ಅವಳ ಉತ್ತರವೂ 1.

ಇಬ್ಬರ ಉತ್ತರ 1.25, ಇಬ್ಬರ ಉತ್ತರ 1. ಬೇರೆಬೇರೆ ದಾರಿಗಳಿಂದ ಬಂದ ಇಬ್ಬರ ಉತ್ತರ ಒಂದೇ ಆದರೆ ಅದು ಸರಿಯಿರಬೇಕೆಂದು ತೋರುವುದು ಸಹಜ. ಆದರೆ ಇಲ್ಲಿ ಎರಡು ಪಕ್ಷಗಳಿಗೂ ಆ ಸಮರ್ಥನೆ ಇದೆ! ಇಬ್ಬರು ಒಪ್ಪಿದ ಮಾತ್ರಕ್ಕೆ ಉತ್ತರವು ಸರಿಯಾಗದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣವನ್ನು ನೋಡುವಂತೆ ಈ ಉತ್ತರಗಳನ್ನೂ ಉಜ್ಜಿ ನೋಡಬೇಕು. ಅದಕ್ಕೆ ಮೊದಲು ಒಂದು ಎಚ್ಚರಿಕೆ ಅಗತ್ಯ. ಸಮೀಪದ ಬೆಲೆಗಳನ್ನು ಇಡಬೇಕಾದುದು ಕರಿಹಲಗೆಯ ಮೇಲಿನ ಮೂಲ ಭಿನ್ನರಾಶಿಯಲ್ಲಿ; ಸಂಕ್ಷೇಪಿಸಿದ ಮೇಲೆ ಉಳಿದ ರೂಪದಲ್ಲಿ ಅಲ್ಲ. ಸಂಕ್ಷೇಪಿಸುವಾಗಲೇ ತಪ್ಪಿದ್ದರೆ ಆ ತಪ್ಪು ಉಳಿದ ರೂಪದೊಳಗೆ ಅಡಗಿ ಕುಳಿತಿರುತ್ತದೆ. ಅದರಲ್ಲಿ ಎಷ್ಟು ಬೆಲೆಗಳನ್ನು ಇಟ್ಟರೂ ತಪ್ಪು ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತದೆ.

ಮೊದಲು x = 2.1 ಎಂದಿಡೋಣ. ಅಂಶವು 4.41 + 2.1 − 6 = 0.51, ಛೇದವು 4.41 − 4 = 0.41, ಭಾಗಿಸಿದರೆ 1.2439. ಅನಂತರ x = 2.01 ಎಂದಿಟ್ಟರೆ ಅಂಶವು 0.0501, ಛೇದವು 0.0401, ಬೆಲೆಯು 1.2494. x = 2.001 ಆದಾಗ ಅಂಶವು 0.005001, ಛೇದವು 0.004001, ಬೆಲೆಯು 1.24994. ಅಂಶವೂ ಛೇದವೂ ಸೊನ್ನೆಯ ಕಡೆಗೆ ಕುಗ್ಗುತ್ತಿದ್ದರೂ ಅವುಗಳ ಅನುಪಾತವು 1.25ರ ಕಡೆಗೆ ಸಾಗುತ್ತಿದೆ. 1.25ರಿಂದ ಇರುವ ಅಂತರವನ್ನು ನೋಡಿದರೆ ಅದು ಮೊದಲು ಸುಮಾರು 0.006, ಆಮೇಲೆ 0.0006, ಕೊನೆಗೆ 0.00006. ಎರಡರಿಂದ xಗೆ ಇರುವ ದೂರ ಹತ್ತನೆಯ ಒಂದು ಪಾಲಾದಾಗಲೆಲ್ಲ ಉತ್ತರದಿಂದ ಇರುವ ದೂರವೂ ಸುಮಾರು ಹತ್ತನೆಯ ಒಂದು ಪಾಲಾಗುತ್ತಿದೆ. 1 ಎಂಬ ಉತ್ತರದ ಕಡೆಗೆ ಬೆಲೆಗಳು ತಿರುಗಿಯೂ ನೋಡುತ್ತಿಲ್ಲ.

ಇಷ್ಟಕ್ಕೇ ನಿಲ್ಲಬಾರದು. ಎರಡರ ಬಳಿಗೆ ಬಲಗಡೆಯಿಂದ ಬಂದಂತೆ ಎಡಗಡೆಯಿಂದಲೂ ಬರಬೇಕು. x = 1.9 ಆದಾಗ ಅಂಶವು −0.49, ಛೇದವು −0.39, ಬೆಲೆಯು 1.2564. x = 1.99 ಆದಾಗ 1.2506; x = 1.999 ಆದಾಗ 1.25006. ಬಲಗಡೆಯಿಂದ ಬೆಲೆಯು ಏರುತ್ತ ಬಂದಿತು, ಎಡಗಡೆಯಿಂದ ಇಳಿಯುತ್ತ ಬಂದಿತು. ಎರಡೂ ಸೇರುವ ಸ್ಥಾನ 1.25. ಎರಡು ಕಡೆಯಿಂದಲೂ ನೋಡಬೇಕೆಂಬುದು ಬರಿಯ ಶಿಸ್ತಿನ ಮಾತಲ್ಲ. |x − 2|/(x − 2) ಎಂಬ ಭಿನ್ನರಾಶಿಯಲ್ಲಿ ಅಂಶವು ಯಾವಾಗಲೂ ಧನ ಸಂಖ್ಯೆ. ಎರಡರ ಬಲಗಡೆಯಲ್ಲಿ ಇದರ ಬೆಲೆ ಎಲ್ಲೆಲ್ಲಿಯೂ 1, ಎಡಗಡೆಯಲ್ಲಿ ಎಲ್ಲೆಲ್ಲಿಯೂ −1. ಒಂದೇ ಕಡೆಯಿಂದ ನೋಡಿದವನು ಮಿತಿಯು 1 ಎಂದು ಧೈರ್ಯವಾಗಿ ಹೇಳಿಬಿಡುತ್ತಾನೆ. ವಾಸ್ತವವಾಗಿ ಅಲ್ಲಿ ಮಿತಿಯೇ ಇಲ್ಲ.

ಉತ್ತರವು ತಪ್ಪೆಂದು ತಿಳಿದ ಮೇಲೆ ತಪ್ಪು ಎಲ್ಲಿಯದೆಂಬುದನ್ನೂ ಅರಿಯಬೇಕು. ನಾಲ್ಕನೆಯವಳ ತಪ್ಪು ಪದಕ್ಕೂ ಅಪವರ್ತನಕ್ಕೂ ಇರುವ ಭೇದವನ್ನು ಮರೆತುದು. ಅಂಶ ಛೇದಗಳನ್ನು ಗುಣಿಸಿ ನಿಂತಿರುವುದನ್ನು ಹೊಡೆದುಹಾಕಬಹುದು; ಕೂಡಿಕೊಂಡು ನಿಂತಿರುವುದನ್ನು ಹೊಡೆದುಹಾಕಲಾಗದು. (3 + 1)/(3 + 5) ಎಂಬಲ್ಲಿ ಮೂರನ್ನು ಹೊಡೆದುಹಾಕಿದರೆ ಅರ್ಧವಾಗಬೇಕಾದುದು ಐದನೆಯ ಒಂದು ಪಾಲಾಗಿಬಿಡುತ್ತದೆ. ಮೊದಲನೆಯವಳು ಹೊಡೆದುಹಾಕಿದ (x − 2) ಗುಣಿಸಿ ನಿಂತುದಾಗಿತ್ತು. ಮಿತಿಯ ವಿಚಾರದಲ್ಲಿ x ಎರಡರ ಬಳಿಗೆ ಬರುವುದೇ ಹೊರತು ಎರಡೇ ಆಗುವುದಿಲ್ಲ. ಆದುದರಿಂದ (x − 2) ಸೊನ್ನೆಯಲ್ಲ, ಅದನ್ನು ಹೊಡೆದುಹಾಕುವುದು ನ್ಯಾಯವಾದುದೇ.

ಮೂರನೆಯವನ ತಪ್ಪು ಇನ್ನೂ ಸೂಕ್ಷ್ಮವಾದುದು. ಅವಕಲನದ ಉಪಾಯವು 1696ರಲ್ಲಿ ಫ್ರಾನ್ಸಿನ ಲೋಪಿತಾಲನು ಪ್ರಕಟಿಸಿದ ಗ್ರಂಥದ ಮೂಲಕ ಪ್ರಸಿದ್ಧವಾಯಿತು. ಅದನ್ನು ಅವನಿಗೆ ತಿಳಿಸಿಕೊಟ್ಟವನು ಸ್ವಿಟ್ಜರ್ಲೆಂಡಿನ ಯೋಹಾನ್ ಬರ್ನೂಲಿ. ಈ ಉಪಾಯವು ಏಕೆ ಫಲಿಸುತ್ತದೆ ಎಂಬುದನ್ನು ಇಬ್ಬರು ಸೈಕಲ್ ಸವಾರರ ದೃಷ್ಟಾಂತದಿಂದ ತಿಳಿಯಬಹುದು. ಆನೇಕಲ್ಲಿನ ಬಸ್ ನಿಲ್ದಾಣದಿಂದ ಅತ್ತಿಬೆಲೆಯ ಕಡೆಗೆ ಇಬ್ಬರು ಒಂದೇ ಕ್ಷಣದಲ್ಲಿ ಹೊರಡುತ್ತಾರೆ. ಹೊರಟಾಗ ಒಬ್ಬನ ವೇಗ ಸೆಕೆಂಡಿಗೆ 5 ಮೀಟರ್, ಇನ್ನೊಬ್ಬನದು 4 ಮೀಟರ್. ಹೊರಟ ಕ್ಷಣದಲ್ಲಿ ಇಬ್ಬರೂ ಕ್ರಮಿಸಿದ ದೂರ ಸೊನ್ನೆ. ಒಂದು ಸೆಕೆಂಡಿನ ಹತ್ತನೆಯ ಪಾಲು ಕಳೆದಾಗ ಒಬ್ಬನು ಅರ್ಧ ಮೀಟರ್, ಇನ್ನೊಬ್ಬನು 0.4 ಮೀಟರ್ ಸರಿದಿರುತ್ತಾನೆ. ದೂರಗಳ ಅನುಪಾತ 5/4. ಅದು ವೇಗಗಳ ಅನುಪಾತವೇ. ಮುಂದೆ ಅವರ ವೇಗ ಬದಲಾಗಬಹುದು. ಆದರೆ ಹೊರಟ ಕ್ಷಣದ ಆಸುಪಾಸಿನಲ್ಲಿ ಈ ಅನುಪಾತವೇ ನಡೆಯುತ್ತದೆ. ಅಂಶ ಛೇದಗಳೂ ಹೀಗೆಯೇ. x = 2 ಎಂಬಲ್ಲಿ ಎರಡೂ ಸೊನ್ನೆಯಿಂದ ಹೊರಡುತ್ತವೆ; ಒಂದರ ವೇಗ 5, ಇನ್ನೊಂದರದು 4.

ಈಗ ಒಬ್ಬ ಸವಾರನು ನಿಲ್ದಾಣದಿಂದ 50 ಮೀಟರ್ ಮುಂದೆಯೂ ಇನ್ನೊಬ್ಬನು 40 ಮೀಟರ್ ಮುಂದೆಯೂ ನಿಂತು, ಇಬ್ಬರೂ ಒಂದೇ ವೇಗದಿಂದ ಹೊರಟರೆಂದುಕೊಳ್ಳೋಣ. ಹೊರಟ ಕ್ಷಣದಲ್ಲಿ ನಿಲ್ದಾಣದಿಂದ ಅವರಿಗಿರುವ ದೂರಗಳ ಅನುಪಾತ 5/4. ವೇಗಗಳ ಅನುಪಾತವೋ 1. ಮೊದಲೇ ಮುಂದಿರುವವರ ದೂರವನ್ನು ವೇಗದಿಂದ ಅಳೆಯುವುದು ಹೇಗೆ? ಮೂರನೆಯವನು ಮಾಡಿದುದು ಇದನ್ನೇ. (2x + 1)/(2x) ಎಂಬಲ್ಲಿ x = 2 ಎಂದಿಟ್ಟರೆ 5/4; ಅಲ್ಲಿ ಅಂಶವೂ ಸೊನ್ನೆಯಲ್ಲ, ಛೇದವೂ ಸೊನ್ನೆಯಲ್ಲ. ಉತ್ತರವು ಕೈಗೆ ಬಂದಿತ್ತು. ಉಪಾಯದ ಅಧಿಕಾರ ಅಲ್ಲಿಗೆ ಮುಗಿದಿತ್ತು. ಅವಕಲಿಸುವ ಮೊದಲು ಪ್ರತಿ ಸಲವೂ ಬೆಲೆಯನ್ನಿಟ್ಟು, ಅಂಶ ಛೇದಗಳೆರಡೂ ಸೊನ್ನೆಯಾಗುತ್ತವೆಯೇ ಎಂದು ನೋಡಿದ್ದರೆ ಅವನು ಎಡವುತ್ತಿರಲಿಲ್ಲ.

ಒರೆಗಲ್ಲಿಗೂ ಒಂದು ದೋಷವುಂಟು. ಅದನ್ನು ಅರಿಯದವನನ್ನು ಅದು ವಂಚಿಸುತ್ತದೆ. x ಸೊನ್ನೆಯನ್ನು ಸಮೀಪಿಸಿದಾಗ (√(x + 4) − 2)/x ಎಂಬುದರ ಮಿತಿಯನ್ನು ಒಬ್ಬನು ಅವಕಲನದಿಂದ 0.25 ಎಂದು ಕಂಡುಕೊಂಡು, ನಾಲ್ಕು ದಶಮಾಂಶ ಸ್ಥಾನಗಳ ವರ್ಗಮೂಲಗಳನ್ನು ಹಿಡಿದು ತಾಳೆ ನೋಡಲು ಕುಳಿತನೆನ್ನೋಣ. x = 0.1 ಆದಾಗ ವರ್ಗಮೂಲ 2.0248, ಬೆಲೆ 0.248. x = 0.01 ಆದಾಗ ವರ್ಗಮೂಲ 2.0025, ಬೆಲೆ 0.25. ಇದುವರೆಗೆ ಸರಿಯಾಗಿದೆ. x = 0.001 ಆದಾಗ ವರ್ಗಮೂಲ 2.0002, ಬೆಲೆ 0.2. x = 0.0001 ಆದಾಗ ವರ್ಗಮೂಲ 2.0000, ಬೆಲೆ ಸೊನ್ನೆ! ಹತ್ತಿರ ಹೋದಷ್ಟೂ ಉತ್ತರವು ಕೆಡುತ್ತಿದೆ. ಹಾಗಾದರೆ ಮಿತಿಯು ಸೊನ್ನೆಯೇ?

ಅಲ್ಲ. 4.001ರ ವರ್ಗಮೂಲ ನಿಜವಾಗಿ 2.00024998. ನಾಲ್ಕು ಸ್ಥಾನಗಳಿಗೆ ಮೊಟಕುಗೊಳಿಸಿದಾಗ 2.0002 ಆಯಿತು. ಅದರಿಂದ ಎರಡನ್ನು ಕಳೆದಾಗ ಉಳಿಯುವುದು ಕೊನೆಯ ಒಂದೇ ಅಂಕಿ. ಆ ಅಂಕಿಯೇ ಕತ್ತರಿಸಿ ಹೋದುದು. ಹೆಚ್ಚುಕಡಿಮೆ ಸಮನಾದ ಎರಡು ಸಂಖ್ಯೆಗಳನ್ನು ಕಳೆದಾಗ ಒಳ್ಳೆಯ ಅಂಕಿಗಳೆಲ್ಲ ಒಂದನ್ನೊಂದು ಕಳೆದುಹಾಕಿ, ಮೊಟಕುಗೊಳಿಸಿದುದರ ತಪ್ಪು ಮಾತ್ರ ಉಳಿಯುತ್ತದೆ. ಗಣಕಯಂತ್ರವು ಹೆಚ್ಚು ಸ್ಥಾನಗಳನ್ನು ಇಟ್ಟುಕೊಳ್ಳುತ್ತದೆಯಾದರೂ ಅದಕ್ಕೂ ಒಂದು ಎಲ್ಲೆಯಿದೆ; x ತೀರ ಚಿಕ್ಕದಾದಾಗ ಅದೂ ಸೊನ್ನೆಯನ್ನೇ ತೋರಿಸುತ್ತದೆ. ಇದನ್ನು ಗುರುತಿಸುವ ಬಗೆ ಸುಲಭ. ಬೆಲೆಗಳು ಒಂದು ಸಂಖ್ಯೆಯ ಕಡೆಗೆ ಕ್ರಮವಾಗಿ ಸಾಗುತ್ತ ಬಂದು ಇದ್ದಕ್ಕಿದ್ದಂತೆ ದಾರಿ ತಪ್ಪಿದರೆ, ತಪ್ಪಿರುವುದು ಉತ್ತರದಲ್ಲಲ್ಲ, ಅಂಕಿಗಳ ಸಾಲದ ನಿಖರತೆಯಲ್ಲಿ. ಆಗ ಇನ್ನಷ್ಟು ಹತ್ತಿರ ಹೋಗುವ ಬದಲು ಹೆಚ್ಚು ದಶಮಾಂಶ ಸ್ಥಾನಗಳನ್ನು ಹಿಡಿದು ಲೆಕ್ಕ ಮಾಡಬೇಕು. ಇಲ್ಲವೆ ಒಂದು ಹೆಜ್ಜೆ ಹಿಂದಕ್ಕೆ ಸರಿದು 0.1, 0.01ರಲ್ಲಿಯೇ ನಿಲ್ಲಬೇಕು.

ಕೊನೆಯದಾಗಿ ಒಂದು ಮಾತು. ಈ ಪರೀಕ್ಷೆಯು ತಪ್ಪು ಉತ್ತರವನ್ನು ಹೊರದೂಡಬಲ್ಲುದು. ಸರಿಯಾದ ಉತ್ತರವನ್ನು ಸಾಧಿಸಿಕೊಡಲಾರದು. 1.24994 ಎಂಬ ಬೆಲೆಯು 1ನ್ನು ತಳ್ಳಿಹಾಕುತ್ತದೆ. ಆದರೆ ಮಿತಿಯು 1.25ಕ್ಕೆ ಬದಲಾಗಿ 1.2500001 ಏಕಾಗಿರಬಾರದು ಎಂದು ಕೇಳಿದರೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರ ಇರುವುದು ಮೊದಲನೆಯ ವಿದ್ಯಾರ್ಥಿನಿಯ ಅಪವರ್ತನದಲ್ಲಿ. ಎರಡರ ಆಸುಪಾಸಿನಲ್ಲಿ, ಎರಡನ್ನು ಬಿಟ್ಟು ಉಳಿದ ಪ್ರತಿಯೊಂದು ಬೆಲೆಗೂ ಆ ಭಿನ್ನರಾಶಿಯು (x + 3)/(x + 2)ಕ್ಕೆ ಸಮ ಎಂಬುದನ್ನು ಅದು ತೋರಿಸಿಕೊಡುತ್ತದೆ. ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಹೀಗೆ ದಾರಿಯನ್ನು ತರ್ಕದಿಂದಲೂ ತಲುಪಿದ ಸ್ಥಾನವನ್ನು ಹತ್ತಿರದ ಬೆಲೆಗಳಿಂದಲೂ ನೋಡಿದಾಗ ಮಾತ್ರ ಕರಿಹಲಗೆಯ ಮೇಲೆ 1.25 ಎಂದು ಬರೆದು ಅದರ ಕೆಳಗೆ ಗೆರೆ ಎಳೆಯಬಹುದು.